ದ್ರಾಕ್ಷಿ ವ್ಯಾಪಾರಿ ಬಾಯಿಮಾತಿನಲ್ಲಿ ಒಪ್ಪಿದ್ದನ್ನು ಬರಹಕ್ಕೆ ತರುವುದು ಹೇಗೆ?

"ಅಣ್ಣಾ, ವ್ಯಾಪಾರಿ ಗುರ್ತಿನಾಂವ. ಸ್ಟ್ಯಾಂಪ್ ಪೇಪರ್ ಮ್ಯಾಲ ಬರದ್ ಕೊಡು ಅನ್ನಾಕ ಮನಸ್ಸು ಬರೂದಿಲ್ಲ. ಮುಂದ ತಕರಾರ ಆಗಲಾರದಂಗ ಏನ್ ಮಾಡ್ಲಿ?"

ಸ್ಟ್ಯಾಂಪ್ ಪೇಪರ್ ಬೇಕಿಲ್ಲ. ಮಾತು ಮುಗಿದ ದಿನ ಸಂಜೆಯೇ ಒಂದು ವಾಟ್ಸಾಪ್ ಮೆಸೇಜು ಹಾಕಿ, ಉತ್ತರ ತರಿಸಿಕೊಳ್ಳಿ. ಇಂಥ ವ್ಯಾಪಾರದಲ್ಲಿ ಬಾಯಿಮಾತಿನ ಒಪ್ಪಂದಕ್ಕೂ ಕಾನೂನಿನ ಮಾನ್ಯತೆ ಇದೆ. ತೊಡಕಾಗುವುದು ಏನು ಒಪ್ಪಿದ್ದೆವು ಎಂದು ತೋರಿಸುವಾಗ.

ತಿಕೋಟಾ ಕಡೆಯ ತೋಟಗಳಲ್ಲಿ ನಾನು ನೋಡಿದ ಜಗಳಗಳಲ್ಲಿ ರೇಟಿನ ಬಗ್ಗೆ ಹುಟ್ಟಿದವು ಕಡಿಮೆ. ರೇಟು ಇಬ್ಬರಿಗೂ ನೆನಪಿರುತ್ತದೆ. ಜಗಳ ಬರುವುದು ತೂಕದ ಕಡಿತಕ್ಕೆ. ಎರಡು ಎಕರೆಗೆ 20 ಟನ್ ಬಂತು, ಕಿಲೋಗೆ 40 ರೂಪಾಯಿ ಎಂದುಕೊಳ್ಳಿ. ನೂರು ಕಿಲೋಗೆ 2 ಕಿಲೋ ಕಡಿದರೆ 16,000 ರೂಪಾಯಿ ಹೋಗುತ್ತದೆ, 5 ಕಿಲೋ ಕಡಿದರೆ 40,000. ಮಾತಾಡುವಾಗ "ಅದೇನ್ ದೊಡ್ಡದ್ರಿ, ನೋಡೂಣು" ಎಂದು ಬಿಟ್ಟ ಒಂದೇ ವಿಷಯದಲ್ಲಿ 24,000 ರೂಪಾಯಿಯ ಅಂತರ! ಆದ್ದರಿಂದ ಮೆಸೇಜು ಹೀಗಿರಲಿ:

"ನಮಸ್ಕಾರ್ರಿ ಸಾವಕಾರ್ರ. ಇವತ್ತ ಮುಂಜಾನೆ ತ್ವಾಟದಾಗ ಮಾತಾಡಿದ ಪ್ರಕಾರ, ಬೋರಿನ ಕಡೆ ಎರಡು ಎಕರೆ ಥಾಮ್ಸನ್ ದ್ರಾಕ್ಷಿ, ಕಿಲೋಕ್ಕ 40 ರೂಪಾಯಿ. ನೂರು ಕಿಲೋಕ್ಕ 2 ಕಿಲೋ ಕಡಿತ, ಹೆಚ್ಚಿಗಿ ಇಲ್ಲ. ತೂಕ ನಮ್ಮ ತ್ವಾಟದಾಗ. ಕೊಯ್ಯೋ ಆಳು, ಬಾಕ್ಸು ನಿಮ್ಮವು. ಫೆಬ್ರುವರಿ 20ರ ಒಳಗ ಕಟಾವು ಮುಗಿಸೋದು. ಮುಂಗಡ 50,000 ಮುಟ್ಟೇತಿ. ಉಳದದ್ದು ಕಡೀ ಗಾಡಿ ಹೋದ ಎಂಟು ದಿನದಾಗ. ಬರೋಬ್ಬರಿ ಇದ್ರ 'ಒಪ್ಪಿಗೆ' ಅಂತ ಹಾಕ್ರಿ, ಫರಕ್ ಇದ್ರ ತಿಳಸ್ರಿ."

ಇದರಲ್ಲಿ ಅಪನಂಬಿಕೆಯ ಒಂದು ಮಾತೂ ಇಲ್ಲ. ಗುರುತಿನವರಿಗೂ ಸಂಕೋಚವಿಲ್ಲದೆ ಕಳಿಸಬಹುದು.

ಎರಡು ನೀಲಿ ಗೆರೆ ಬಿದ್ದರೆ ಅವರು ನೋಡಿದ್ದಾರೆ ಎಂದಷ್ಟೇ ಅರ್ಥ, ಒಪ್ಪಿದ್ದಾರೆ ಎಂದಲ್ಲ. ಸುಮ್ಮನಿದ್ದರೆ ಫೋನ್ ಮಾಡಿ, "ಒಂದ್ ಉತ್ತರ ಹಾಕ್ರಿ, ನಾಳೆ ಆಳು ಬರ್ತಾವಲ್ಲ" ಎನ್ನಿ. ಉತ್ತರ ಬರುವವರೆಗೆ ಕೊಯ್ಲು ಶುರು ಮಾಡಬೇಡಿ ಎಂಬುದು ನನ್ನ ಖಡಾಖಂಡಿತ ಅಭಿಪ್ರಾಯ. ಹಣ್ಣು ಗಾಡಿ ಏರಿದ ಮೇಲೆ ಉತ್ತರ ಕೊಡುವ ಅವಸರ ಅವರಿಗಿರುವುದಿಲ್ಲ.

ನಡುವೆ ಮಳೆ ಬಂದು ಕಾಳು ಒಡೆದರೆ ಹೊಸ ರೇಟಿನ ಮಾತು ಬಂದೇ ಬರುತ್ತದೆ, ಅದೂ ಫೋನಿನಲ್ಲಿ. ಆಗ ಹಳೇ ಮೆಸೇಜಿಗೇ ರಿಪ್ಲೈ ಒತ್ತಿ, "ಇಂದಿನಿಂದ ಕೊಯ್ದ ಹಣ್ಣಿಗೆ ಕಿಲೋಕ್ಕ 34, ಉಳದದ್ದೆಲ್ಲಾ ಮೊದಲಿನಂಗ" ಎಂದು ಹಾಕಿ, ಮತ್ತೆ ಒಪ್ಪಿಗೆ ತರಿಸಿಕೊಳ್ಳಿ. ಹೊಸ ರೇಟು ಯಾವ ದಿನದಿಂದ ಎಂಬುದನ್ನು ಬಿಟ್ಟರೆ, ಮೊದಲು ಹೋದ ಗಾಡಿಗಳಿಗೂ ಅದನ್ನೇ ಹಚ್ಚುತ್ತಾರೆ. ಪ್ರತಿ ಗಾಡಿಯ ತೂಕದ ಚೀಟಿಯ ಫೋಟೋ ಅದೇ ದಿನ, ಅದೇ ನಂಬರಿಗೆ ಹೋಗಲಿ.

ಜಮೀನು ಮಾರಾಟಕ್ಕೆ ಈ ದಾರಿ ನಡೆಯುವುದಿಲ್ಲ, ಅದಕ್ಕೆ ನೋಂದಣಿಯೇ ಬೇಕು. ಹಣ್ಣಿನ ಬಾಕಿ ಕೋರ್ಟಿಗೆ ಹೋದರೆ, 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಮೆಸೇಜಿನ ಪ್ರಿಂಟಿನ ಜೊತೆ, ಅದು ಯಾವ ಫೋನಿನಿಂದ ತೆಗೆದದ್ದು ಎಂದು ತಿಳಿಸುವ ಪ್ರಮಾಣಪತ್ರವನ್ನೂ ಕೊಡಬೇಕು. ಹಾಗಾಗಿ ಆ ಚಾಟಿನಲ್ಲಿ ಮೆಸೇಜು ತಾನಾಗಿ ಅಳಿಯುವ ಸೆಟ್ಟಿಂಗ್ ಬಂದ್ ಇರಲಿ, ಬಾಕಿ ಪೂರ್ತಿ ಮುಟ್ಟುವ ತನಕ ಆ ಫೋನನ್ನು ಮಾರಬೇಡಿ.