ಜೆರಾಕ್ಸ್ ನಕ್ಷೆಯಲ್ಲಿ ದೂರ ಅಳೆಯುವುದು

ಚಿಕ್ಕಬಳ್ಳಾಪುರ, 17 ನವೆಂಬರ್ 2024, ಭಾನುವಾರ

ತಮ್ಮನ ಮಗಳು ಎನ್‌ಸಿಸಿ ಪರೀಕ್ಷೆಗೆ ಓದುತ್ತಿದ್ದಾಳೆ. ಬೆಳಿಗ್ಗೆ ನಮ್ಮ ಸೀಮೆಯ ಟೋಪೋಶೀಟಿನ, ಅಂದರೆ ಸರ್ವೆ ನಕ್ಷೆಯ, ಜೆರಾಕ್ಸ್ ಹಿಡಿದು ಬಂದಳು. ಕೆಳಗೆ 1:50,000 ಎಂದು ಅಚ್ಚಾಗಿತ್ತು.

“ದೊಡ್ಡಪ್ಪ, ಒಂದು ಸೆಂಟಿಮೀಟರಿಗೆ ಅರ್ಧ ಕಿಲೋಮೀಟರ್, ಅಷ್ಟೇ ತಾನೆ?”

ಅವಳ ಲೆಕ್ಕ ಸರಿ. ಈ ಅನುಪಾತಕ್ಕೆ ಏಕಮಾನವಿಲ್ಲ. ನಕ್ಷೆಯ ಒಂದು ಸೆಂ.ಮೀ. ನೆಲದ ಮೇಲೆ 50,000 ಸೆಂ.ಮೀ. ಒಂದು ಕಿ.ಮೀ.ಗೆ 1,00,000 ಸೆಂ.ಮೀ. ಇರುವುದರಿಂದ ಅದು 0.5 ಕಿ.ಮೀ. ಆದರೆ ಅವಳ ಕೈಯಲ್ಲಿದ್ದದ್ದು ಮೂಲ ಹಾಳೆಯಲ್ಲ. ಸರ್ವೆ ಆಫ್ ಇಂಡಿಯಾದ ಆ ಹಾಳೆ ದೊಡ್ಡದು, ಬರೀ ನಕ್ಷೆಯ ಭಾಗವೇ ಸುಮಾರು 55 ಸೆಂ.ಮೀ. ಎತ್ತರ. ಅದನ್ನು ಕುಗ್ಗಿಸಿ ಜೆರಾಕ್ಸ್ ಮಾಡಿಸಿದ್ದರು. ನಕ್ಷೆ ಕುಗ್ಗಿದರೂ ಅಚ್ಚಾದ ಅಂಕಿ ಹಾಗೇ ಉಳಿಯುತ್ತದೆ.

ಇದನ್ನು ಪತ್ತೆ ಹಚ್ಚುವುದು ಸುಲಭ. ಅಂಕಿಯ ಜೊತೆಗೇ ಕಿಲೋಮೀಟರ್ ಗುರುತು ಹಾಕಿದ ಒಂದು ಪಟ್ಟಿ ಇರುತ್ತದೆ, ನಕ್ಷೆಯ ಜೊತೆ ಅದೂ ಕುಗ್ಗುತ್ತದೆ. 5 ಕಿ.ಮೀ. ಭಾಗ ಮೂಲದಲ್ಲಿ 10 ಸೆಂ.ಮೀ. ಇರಬೇಕು. ಸ್ಕೇಲಿಟ್ಟು ಅಳೆಸಿದೆ, ಬಂದದ್ದು 6.7. ಅಂದರೆ ಒಂದು ಸೆಂ.ಮೀ.ಗೆ ಮುಕ್ಕಾಲು ಕಿಲೋಮೀಟರ್, ನಿಜವಾದ ಪ್ರಮಾಣ ಸುಮಾರು 1:75,000.

ಪಟ್ಟಿ ಕತ್ತರಿಸಿ ಹೋಗಿದ್ದರೆ? ಎಡ ಅಂಚಿನ ಅಕ್ಷಾಂಶದ ಗುರುತುಗಳು ಸಾಕು. ಇಲ್ಲಿ ಮಿನಿಟು ಅಂದರೆ ಹೊತ್ತಲ್ಲ, ಡಿಗ್ರಿಯ ಅರವತ್ತನೇ ಒಂದು ಪಾಲು. ನಮ್ಮ ಕಡೆ 5 ಮಿನಿಟಿನ ಅಕ್ಷಾಂಶ ನೆಲದ ಮೇಲೆ ಸುಮಾರು 9.2 ಕಿ.ಮೀ. ಜೆರಾಕ್ಸಿನಲ್ಲಿ ಅದು 12.3 ಸೆಂ.ಮೀ. ಇತ್ತು, ಭಾಗಿಸಿದರೆ ಮತ್ತೆ ಅದೇ ಮುಕ್ಕಾಲು. ಮೇಲಂಚಿನ ರೇಖಾಂಶವನ್ನು ಇದಕ್ಕೆ ಹಿಡಿಯಬಾರದು, ಇಲ್ಲಿ ಅದರ 5 ಮಿನಿಟು ಕೊಂಚ ಕಡಿಮೆ, ಸುಮಾರು 9 ಕಿ.ಮೀ.

ಆಮೇಲೆ ನಮ್ಮೂರಿಂದ ಬೆಟ್ಟದ ಬುಡದ ಕೆರೆ ಏರಿಯವರೆಗಿನ ದಾರಿ ಅಳೆದೆವು. ನೇರವಾಗಿ ಸ್ಕೇಲಿಟ್ಟರೆ 8 ಸೆಂ.ಮೀ., 6 ಕಿ.ಮೀ. ಆದರೆ ದಾರಿ ನೇರವಿಲ್ಲ. ಹೊಲಿಗೆ ದಾರವನ್ನು ಒದ್ದೆ ಮಾಡಿ, ಪ್ರತಿ ತಿರುವಿನಲ್ಲೂ ಉಗುರಿನಿಂದ ಒತ್ತುತ್ತಾ ರಸ್ತೆಯ ಮೇಲೆ ಕೂರಿಸಿದಳು. ಎಳೆದರೆ ತಿರುವು ಮುಚ್ಚಿಹೋಗುತ್ತದೆ, ಸಡಿಲ ಬಿಟ್ಟರೆ ಉದ್ದ ಹೆಚ್ಚುತ್ತದೆ. ತಾಳ್ಮೆ ಬೇಕಾಗುವುದು ಇಲ್ಲೇ. 10.4 ಸೆಂ.ಮೀ. ಬಂತು, 7.8 ಕಿ.ಮೀ. ಅಚ್ಚಾದ ಅಂಕಿಯನ್ನೇ ನಂಬಿದ್ದರೆ 5.2 ಬರುತ್ತಿತ್ತು, ನೇರ ದೂರಕ್ಕಿಂತಲೂ ಕಡಿಮೆ!

“ಏರು ದಾರಿ ಬಂದರೆ ದೂರ ಜಾಸ್ತಿಯಾಗಲ್ವಾ?” ಅಂದಳು. ಒಳ್ಳೆಯ ಪ್ರಶ್ನೆ. ನಕ್ಷೆ ತೋರಿಸುವುದು ಸಮತಟ್ಟು ದೂರವನ್ನು ಮಾತ್ರ. ಆದರೆ ಒಂದು ಕಿಲೋಮೀಟರಿನಲ್ಲಿ 250 ಮೀಟರ್ ಹತ್ತಿದರೂ ನಡೆಯುವುದು 1,031 ಮೀಟರ್, ಬರೀ 31 ಮೀಟರ್ ಹೆಚ್ಚು. ಸುಸ್ತು ಬೇರೆ ಮಾತು. ದೂರದ ಲೆಕ್ಕ ಕೆಡಿಸುವುದು ಏರಿಗಿಂತ ತಿರುವುಗಳೇ. ಜೆರಾಕ್ಸಿನ ಮೇಲಿದ್ದ 1:50,000ವನ್ನು ಹೊಡೆದುಹಾಕಿ ಪಕ್ಕದಲ್ಲಿ 1:75,000 ಎಂದು ಬರೆಸಿದೆ.