ಕಬ್ಬಿನ ದರದ ನಕ್ಷೆ, ಪ್ರಗತಿ ವರದಿ: ಹಳೆಯ ರೂಪಾಯಿಯನ್ನು ಇಂದಿನದಕ್ಕೆ ತರುವ ಲೆಕ್ಕ

ಜಮಖಂಡಿ, ಮುಧೋಳ, ಗೋಕಾಕ ಕಡೆ ಕಬ್ಬಿನ ಮಾತೆಲ್ಲ ಟನ್ ಲೆಕ್ಕದಲ್ಲಿ. ಕೇಂದ್ರ ಸರ್ಕಾರ ದರ ಪ್ರಕಟಿಸುವುದು ಕ್ವಿಂಟಲ್‌ಗೆ. ಅದನ್ನು ಹತ್ತರಿಂದ ಗುಣಿಸಿ ಟನ್ನಿಗೆ ತಂದು ಹಾಳೆಯಲ್ಲಿ ತುಂಬಿದ್ದಾಯಿತು: 2000-01ರ ಹಂಗಾಮಿಗೆ 595 ರೂಪಾಯಿ, 2024-25ಕ್ಕೆ 3400. ಇದನ್ನು ಹಾಗೇ ಗೆರೆಯಾಗಿ ಎಳೆದರೆ ಎಲ್ಲೂ ಇಳಿಯದೆ ಮೇಲೇರುತ್ತದೆ. ಆದರೆ 595 ರೂಪಾಯಿಗೆ ಆಗ ಎಷ್ಟು ಜೋಳ, ಎಷ್ಟು ಎಣ್ಣೆ ಬರುತ್ತಿತ್ತು ಎಂಬುದನ್ನು ಆ ಗೆರೆ ಹೇಳುವುದಿಲ್ಲ. ಹಾಗಾಗಿ ಎಲ್ಲ ದರಗಳನ್ನೂ ಅಕ್ಟೋಬರ್ 2024ರ ರೂಪಾಯಿಗೆ ತರುವುದು ಈ ಸುತ್ತಿನ ಕೆಲಸ.

ಸೂಚ್ಯಂಕದ ಆಯ್ಕೆ

ಬಳಸಿದ್ದು ಲೇಬರ್ ಬ್ಯೂರೋ ಪ್ರತಿ ತಿಂಗಳು ಹೊರಡಿಸುವ ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕ. ನೌಕರರ ತುಟ್ಟಿಭತ್ಯೆ ನಿಂತಿರುವುದು ಇದರ ಮೇಲೆಯೇ. ಹೊಲದ ಮನೆಯ ಖರ್ಚಿಗೆ ಕೃಷಿ ಕಾರ್ಮಿಕರ ಸೂಚ್ಯಂಕ ಹೆಚ್ಚು ಹತ್ತಿರ ಎಂಬ ವಾದ ಸರಿಯಾದದ್ದೇ. ಆದರೂ ಇದನ್ನು ಹಿಡಿದಿದ್ದಕ್ಕೆ ಕಾರಣ, ಇದರಲ್ಲಿ ಬೆಳಗಾವಿ ಕೇಂದ್ರಕ್ಕೆ ಬೇರೆಯದೇ ಅಂಕಿ ಸಿಗುತ್ತದೆ. ಮುಂದೆ ಹೋಲಿಸಿ ನೋಡಬಹುದು. ಸದ್ಯಕ್ಕೆ ಅಖಿಲ ಭಾರತದ ಅಂಕಿ.

ಹಂಗಾಮು ಅಕ್ಟೋಬರ್‌ಗೆ ಶುರುವಾಗಿ ಸೆಪ್ಟೆಂಬರ್‌ಗೆ ಮುಗಿಯುತ್ತದೆ. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಸರಾಸರಿ ಹಿಡಿದರೆ ಕಬ್ಬು ಇನ್ನೂ ಗದ್ದೆಯಲ್ಲಿದ್ದ ಆರು ತಿಂಗಳೂ ಲೆಕ್ಕಕ್ಕೆ ಸೇರುತ್ತವೆ. ಅದಕ್ಕೇ ಪ್ರತಿ ಹಂಗಾಮಿಗೂ ಅದರ ಮೊದಲ ಅಕ್ಟೋಬರ್‌ನ ಸೂಚ್ಯಂಕ. ಒಂದೇ ತಿಂಗಳಾದ್ದರಿಂದ ಆ ತಿಂಗಳು ಉಳ್ಳಾಗಡ್ಡಿ ತುಟ್ಟಿಯಾಗಿದ್ದರೂ ಅದರ ನೆರಳು ಬೀಳುತ್ತದೆ. ಒಂದೆರಡು ಶೇಕಡಾ ಅಲುಗಾಟವನ್ನು ಒಪ್ಪಿಕೊಂಡೇ ಮುಂದುವರಿದದ್ದು.

ಮೂಲ ವರ್ಷಗಳ ಜೋಡಣೆ

ಹೆಚ್ಚಿನವರು ಎಡವುವುದು ಇಲ್ಲಿ. ಈ ಸೂಚ್ಯಂಕದ ಮೂಲ ವರ್ಷ, ಅಂದರೆ ಬೆಲೆಗಳನ್ನು 100 ಎಂದು ಹಿಡಿಯುವ ವರ್ಷ, 1982 ಇದ್ದದ್ದು 2001 ಆಯಿತು, ಆಮೇಲೆ 2016 ಆಯಿತು. ಪ್ರತಿ ಬಾರಿಯೂ ಅಂಕಿ ಮತ್ತೆ 100ರ ಆಸುಪಾಸಿಗೆ ಬಂದು ಕೂರುತ್ತದೆ. ಆಗಸ್ಟ್ 2020ರಲ್ಲಿ 338 ಇತ್ತು, ಸೆಪ್ಟೆಂಬರ್‌ನಲ್ಲಿ 118.1. ಬೆಲೆಗಳೇನೂ ಕುಸಿದಿರಲಿಲ್ಲ, ಅಳೆಯುವ ಕೋಲು ಬದಲಾಗಿತ್ತು, ಅಷ್ಟೇ.

ಎರಡೂ ಕೋಲುಗಳನ್ನು ಕೂಡಿಸಲು ಬ್ಯೂರೋವೇ ಜೋಡಣೆ ಗುಣಕ ಕೊಡುತ್ತದೆ: 2001ರ ಸರಣಿಯಿಂದ 2016ಕ್ಕೆ 2.88, 1982ರಿಂದ 2001ಕ್ಕೆ 4.63. ಹಳೆಯ ಅಂಕಿಯನ್ನು ಹೊಸದಕ್ಕೆ ತರಬೇಕಾದರೆ ಭಾಗಿಸಬೇಕು, ಹೊಸದನ್ನು ಹಳೆಯದಕ್ಕೆ ಒಯ್ಯಬೇಕಾದರೆ ಗುಣಿಸಬೇಕು. 1982ರ ಸರಣಿಯ ಅಂಕಿಗೆ ಎರಡೂ ಮೆಟ್ಟಿಲು ಇಳಿಯಬೇಕು, ಅಂದರೆ 4.63 × 2.88ರಿಂದ ಭಾಗಿಸಬೇಕು. ಸರಿಯಾಯಿತೇ ಎಂದು ನೋಡಲು ಜೋಡಣೆಯ ಎರಡೂ ಬದಿಯ ತಿಂಗಳು ಸಾಕು: 118.1 × 2.88 ಎಂದರೆ 340.1. ಹಿಂದಿನ ತಿಂಗಳ 338ರ ಪಕ್ಕ ಅದು ನೆಟ್ಟಗೆ ಕೂರುತ್ತದೆ. ಗುಣಿಸುವ ಕಡೆ ಭಾಗಿಸಿದ್ದರೆ 41 ಬರುತ್ತಿತ್ತು. ತಪ್ಪು ಕಣ್ಣಿಗೇ ರಾಚುತ್ತದೆ.

ಹಾಳೆಯಲ್ಲಿ B ಕಾಲಂ ದರ, C ಸೂಚ್ಯಂಕ, D ಭಾಗಿಸಬೇಕಾದ ಗುಣಕ (2016ರ ಸರಣಿಗೆ 1, 2001ಕ್ಕೆ 2.88, 1982ಕ್ಕೆ 13.3344). E ಜೋಡಿಸಿದ ಸೂಚ್ಯಂಕ, F ಅಕ್ಟೋಬರ್ 2024ರ ರೂಪಾಯಿ. ಕೊನೆಯ ಸಾಲು, ಅಂದರೆ 7ನೆಯದು, 2024-25:

```
E2: =C2/D2
F2: =B2*E$7/E2
```

`E$7`ರ ಡಾಲರ್ ಚಿಹ್ನೆ ಬಿಟ್ಟು ಸೂತ್ರವನ್ನು ಕೆಳಗೆ ಎಳೆದರೆ 3ನೇ ಸಾಲಿನಿಂದಲೇ ಖಾಲಿ ಕೋಶಕ್ಕೆ ಹೋಗಿ ಸೊನ್ನೆ ಬರುತ್ತದೆ. ಎಲ್ಲ ಸರಿಯಿದ್ದರೆ 2024-25ರ ಸಾಲಿನಲ್ಲಿ B ಮತ್ತು F ಒಂದೇ ಆಗಿರಬೇಕು.

2009-10ನ್ನು ಕೈಯಲ್ಲೇ ಮಾಡಿ ನೋಡೋಣ. ದರ 1298.40, ಅಕ್ಟೋಬರ್ 2009ರ ಸೂಚ್ಯಂಕ 165. ಅದನ್ನು 2.88ರಿಂದ ಭಾಗಿಸಿದರೆ 57.29. ಅಕ್ಟೋಬರ್ 2024ರ ಸೂಚ್ಯಂಕ 144.5, ಅಂದರೆ ಬೆಲೆಗಳು 2.52 ಪಟ್ಟು ಆಗಿವೆ. ಆ 1298.40 ಅಕ್ಟೋಬರ್ 2024ರ 3275 ರೂಪಾಯಿಗೆ ಸಮ.

ಅದೇ ಟನ್, ಆದರೆ ಅದೇ ಕಬ್ಬಲ್ಲ

ಹಣದುಬ್ಬರ ತೆಗೆದ ಮೇಲೂ ಒಂದು ತೊಡಕು ಉಳಿಯುತ್ತದೆ. ದರ ಯಾವಾಗಲೂ ಒಂದು ರಿಕವರಿಗೆ, ಅಂದರೆ ಕಬ್ಬಿನಿಂದ ಸಿಗುವ ಸಕ್ಕರೆಯ ಶೇಕಡಾವಾರಿಗೆ, ಕಟ್ಟಿದ್ದು, ಆ ರಿಕವರಿ ಮೇಲೆ ಸರಿಯುತ್ತ ಬಂದಿದೆ. 2000-01ರಲ್ಲಿ 8.5 ಶೇಕಡಾ, 2009-10ರಲ್ಲಿ 9.5, 2018-19ರಲ್ಲಿ 10, 2022-23ರಿಂದ 10.25. 2018-19ರ 2750 ರೂಪಾಯಿ 10 ಶೇಕಡಾ ಸಕ್ಕರೆ ಕೊಡುವ ಕಬ್ಬಿನದು, 2024-25ರ 3400 ರೂಪಾಯಿ 10.25 ಶೇಕಡಾದ್ದು. ರಿಕವರಿ ಹೆಚ್ಚಿದಂತೆ ದರವೂ ಅದೇ ಪ್ರಮಾಣದಲ್ಲಿ ಹೆಚ್ಚುವುದರಿಂದ ಹಳೆಯ ದರವನ್ನು 10.25ರಿಂದ ಗುಣಿಸಿ ಆಗಿನ ರಿಕವರಿಯಿಂದ ಭಾಗಿಸಿದರೆ ಸಾಕು. ಇದನ್ನು ಹಣದುಬ್ಬರದ ಕಾಲಂನೊಳಗೆ ಬೆರೆಸದೆ ಬೇರೆ ಕಾಲಂ ಮಾಡಿದ್ದು ಒಳ್ಳೆಯದಾಯಿತು; ಯಾವುದರಿಂದ ಎಷ್ಟು ಬದಲಾಯಿತು ಎಂದು ಬಿಡಿಯಾಗಿ ಕಾಣುತ್ತದೆ.

| ಹಂಗಾಮು | ಆಗಿನ ದರ | ಅಕ್ಟೋಬರ್ 2024ರ ರೂಪಾಯಿ | 10.25 ರಿಕವರಿಗೆ |
|---|---|---|---|
| 2000-01 | 595 | 2553 | 3079 |
| 2008-09 | 811.80 | 2283 | 2600 |
| 2009-10 | 1298.40 | 3275 | 3533 |
| 2013-14 | 2100 | 3626 | 3913 |
| 2018-19 | 2750 | 3790 | 3884 |
| 2024-25 | 3400 | 3400 | 3400 |

2013-14ರಿಂದ 2024-25ರವರೆಗೆ ಆದೇಶದ ದರ 1300 ರೂಪಾಯಿ ಏರಿದೆ. ಕೊನೆಯ ಕಾಲಂನಲ್ಲಿ ಅದೇ ಅವಧಿಗೆ 13 ಶೇಕಡಾ ಇಳಿದಿದೆ.

2008-09 ಮತ್ತು 2009-10ರ ನಡುವಿನ ಜಿಗಿತವನ್ನು ಮಾತ್ರ ಹಾಗೇ ನಂಬಬಾರದು. ಮೊದಲನೆಯದು ಶಾಸನಬದ್ಧ ಕನಿಷ್ಠ ದರ, ಎಸ್‌ಎಂಪಿ, ಎರಡನೆಯದು ನ್ಯಾಯಯುತ ಮತ್ತು ಲಾಭದಾಯಕ ದರ, ಎಫ್‌ಆರ್‌ಪಿ. ಎಸ್‌ಎಂಪಿ ಕಾಲದಲ್ಲಿ ಹಂಗಾಮು ಮುಗಿದ ಮೇಲೆ ಲಾಭದ ಪಾಲು ಕೊಡಬೇಕೆಂಬ 5-ಎ ಕಲಂ ಕಬ್ಬು ನಿಯಂತ್ರಣ ಆದೇಶದಲ್ಲಿತ್ತು. ಅದನ್ನು ತೆಗೆದು, ರೈತನ ಲಾಭದ ಅಂಶವನ್ನು ಮೊದಲೇ ಸೇರಿಸಿ ಎಫ್‌ಆರ್‌ಪಿ ತಂದರು. ಹೆಸರಷ್ಟೇ ಅಲ್ಲ, ಅಳೆಯುವ ವಸ್ತುವೇ ಬೇರೆಯಾಯಿತು. ಯಾವ ಗುಣಕವೂ ಇದನ್ನು ಬೆಸೆಯುವುದಿಲ್ಲ. ಆದ್ದರಿಂದ ಅಲ್ಲಿ ಗೆರೆ ಕಡಿದು, ಎರಡು ತುಂಡುಗಳಿಗೆ ಎರಡು ಹೆಸರು ಬರೆದದ್ದು.

ಗೆರೆ ಎಳೆಯುವಾಗ

ಎಕ್ಸೆಲ್‌ಗೆ `2009-10` ಎಂದು ಟೈಪಿಸಿದರೆ ಅದನ್ನು ಅಕ್ಟೋಬರ್ 2009 ಎಂಬ ದಿನಾಂಕ ಮಾಡಿಕೊಳ್ಳುತ್ತದೆ. `2000-01` ಜನವರಿ 2000 ಆಗುತ್ತದೆ. ಹನ್ನೆರಡರ ಮೇಲೆ ತಿಂಗಳೇ ಇಲ್ಲದ್ದರಿಂದ `2013-14` ಮತ್ತು ಅದರ ಮುಂದಿನವು ಪಠ್ಯವಾಗಿಯೇ ಉಳಿಯುತ್ತವೆ. ಅರ್ಧ ದಿನಾಂಕ, ಅರ್ಧ ಪಠ್ಯ ಇರುವ ಕಾಲಂ ಅಡ್ಡ ಅಕ್ಷಕ್ಕೆ ಹೋದರೆ ನಕ್ಷೆ ಕಲಸುಮೇಲೋಗರ. ಹಂಗಾಮಿನ ಮೊದಲ ವರ್ಷವನ್ನಷ್ಟೇ ಸಂಖ್ಯೆಯಾಗಿ ಬರೆದರೆ ಈ ಪೀಡೆ ತಪ್ಪುತ್ತದೆ.

ಇನ್ನೊಂದು, ಲೈನ್ ಚಾರ್ಟ್ ಸಾಲುಗಳನ್ನು ಸಮ ಅಂತರದಲ್ಲಿ ಇಡುತ್ತದೆ: 2000ರಿಂದ 2008ರ ಎಂಟು ವರ್ಷಕ್ಕೂ, 2008ರಿಂದ 2009ರ ಒಂದು ವರ್ಷಕ್ಕೂ ಅಷ್ಟೇ ಜಾಗ. ಎಲ್ಲ ಹಂಗಾಮುಗಳ ಅಂಕಿ ತುಂಬುವವರೆಗೆ ಸ್ಕ್ಯಾಟರ್ ಚಾರ್ಟ್ ತೆಗೆದು ಚುಕ್ಕೆಗಳನ್ನು ಗೆರೆಯಿಂದ ಕೂಡಿಸುವುದೇ ಸರಿ. ಗೆರೆ ಕಡಿಯಲು ಎಸ್‌ಎಂಪಿ, ಎಫ್‌ಆರ್‌ಪಿ ಎರಡನ್ನೂ ಬೇರೆ ಬೇರೆ ಕಾಲಂನಲ್ಲಿಟ್ಟರಾಯಿತು. ಲಂಬ ಅಕ್ಷದ ಮೇಲೆ ಬರೆದದ್ದು: «ಟನ್ನಿಗೆ ರೂಪಾಯಿ, ಅಕ್ಟೋಬರ್ 2024ರ ಬೆಲೆಯಲ್ಲಿ, 10.25 ರಿಕವರಿ». ಇಷ್ಟುದ್ದ ಯಾಕೆ ಎನ್ನುವವರಿದ್ದಾರೆ. ಇದರಲ್ಲಿ ಒಂದು ತುಂಡು ಬಿಟ್ಟರೂ ನೋಡಿದವರು 3533ನ್ನು 2009ರಲ್ಲಿ ಕೊಟ್ಟ ದರ ಅಂದುಕೊಳ್ಳುತ್ತಾರೆ.

ಮುಂದಿನ ಸುತ್ತಿಗೆ ಬೆಳಗಾವಿ ಕೇಂದ್ರದ ಸೂಚ್ಯಂಕ. ಅದಕ್ಕೆ 2.88 ಹಾಕುವಂತಿಲ್ಲ, ಪ್ರತಿ ಕೇಂದ್ರಕ್ಕೂ ಅದರದೇ ಜೋಡಣೆ ಗುಣಕ ಇರುತ್ತದೆ, D ಕಾಲಂ ಪೂರ್ತಿ ಬದಲಾಗಬೇಕು.