ಹೊಲಿಗೆ ಗಟ್ಟಿಯಾಗಿತ್ತು, ನೋವು ಮಾತ್ರ ಏರುತ್ತಿತ್ತು

ನನ್ನ ಸೋದರಮಾವ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸ ಮಾಡುತ್ತಾರೆ. ನಾನು ಚಿಕ್ಕಬಳ್ಳಾಪುರದಲ್ಲಿ ಹಲ್ಲಿನ ಡಾಕ್ಟರು. ಅವರ ಕೆಳದವಡೆಯ ಎಡಗಡೆ ಬುದ್ಧಿ ಹಲ್ಲು ಓರೆಯಾಗಿ ಬೆಳೆದು ಮುಂದಿನ ಹಲ್ಲಿಗೆ ಒರಗಿತ್ತು. ಸಂದಿಯಲ್ಲಿ ಅನ್ನ ಸಿಕ್ಕಿಕೊಂಡು ಆಗಾಗ ಬಾವು ಬರುತ್ತಿತ್ತು. ಮಾತ್ರೆ ನುಂಗುವುದು, ಕಡಿಮೆಯಾದ ಮೇಲೆ ಮರೆಯುವುದು, ಹೀಗೇ ನಡೆದಿತ್ತು. ಕೊನೆಗೆ ಅತ್ತೆಯೇ ಗಟ್ಟಿ ಮನಸ್ಸು ಮಾಡಿ ಕರೆದುಕೊಂಡು ಬಂದರು.

ಇಂಥ ಹಲ್ಲನ್ನು ಸುಮ್ನೆ ಹಿಡಿದು ಎಳೆಯೋಕೆ ಆಗುವುದಿಲ್ಲ. ಮರಗಟ್ಟಿಸಿ, ಒಸಡು ಕುಯ್ದು ಪದರ ಎತ್ತಿದೆ. ಸ್ವಲ್ಪ ಮೂಳೆ ಕೊರೆದು, ಹಲ್ಲನ್ನು ಎರಡು ತುಂಡು ಮಾಡಿ ತೆಗೆದೆ. ಗುಳಿಯನ್ನು ಸಲೈನ್‌ನಲ್ಲಿ ಚೆನ್ನಾಗಿ ತೊಳೆದು, ಒಸಡನ್ನು ಮತ್ತೆ ಅದರ ಜಾಗಕ್ಕೆ ತಂದು ಎರಡು ಹೊಲಿಗೆ ಹಾಕಿದೆ. ಒಂದು ಗುಳಿಯ ಮೇಲೆ, ಇನ್ನೊಂದು ಅದರ ಮುಂದೆ, ಪಕ್ಕದ ಹಲ್ಲಿನ ಹತ್ತಿರ.

ಹೊಲಿಗೆ ಹಾಕುವಾಗ ದಾರ ಬಿಗಿದಷ್ಟೂ ಒಳ್ಳೆಯದು ಅಂತ ಅನಿಸುತ್ತದೆ ಅಲ್ವಾ? ಬಾಯಲ್ಲಿ ಹಾಗಲ್ಲ. ಒಸಡಿನ ಎರಡು ಅಂಚುಗಳು ಒಂದಕ್ಕೊಂದು ತಾಗಿ ನಿಂತರೆ ಸಾಕು. ಎರಡು ಮೂರು ದಿನ ಅಲ್ಲಿ ಊತ ಏರುತ್ತದೆ. ಮೊದಲೇ ಬಿಗಿ ಮಾಡಿದ್ದರೆ ದಾರ ಒಸಡಿನೊಳಗೆ ಕೊಯ್ದುಕೊಂಡು ಇಳಿಯುತ್ತದೆ. ಅಂಚಿಗೆ ರಕ್ತ ಹೋಗದೆ ಅದು ಬೆಳ್ಳಗಾಗಿ ಸಾಯುತ್ತದೆ, ಗಾಯ ಬಾಯಿ ಬಿಡುತ್ತದೆ. ಗಂಟು ಹಾಕಿದ ತಕ್ಷಣ ಅಂಚಿನ ಬಣ್ಣ ನೋಡುವುದು ನನ್ನ ಅಭ್ಯಾಸ. ಗುಲಾಬಿ ಬಣ್ಣ ಇದ್ದರೆ ಸರಿ. ಬಿಳಿಚಿಕೊಂಡರೆ ಬಿಚ್ಚಿ ಮತ್ತೆ ಹಾಕುತ್ತೇನೆ. ಗಂಟನ್ನೂ ಕುಯ್ದ ಗೆರೆಯ ಮೇಲೆ ಕೂರಿಸುವುದಿಲ್ಲ, ಕೆನ್ನೆಯ ಕಡೆಗೆ ಸರಿಸುತ್ತೇನೆ. ಗಂಟಿನಲ್ಲಿ ಕೊಳೆ ನಿಲ್ಲುತ್ತದೆ, ಅದು ಗಾಯದ ಮೇಲೇ ಇರಬಾರದು.

ಎಲ್ಲ ಮುಗಿದ ಮೇಲೆ ಮಾವನಿಗೆ ಕನ್ನಡಿ ಕೊಟ್ಟೆ. ಮರಗಟ್ಟಿದ ತುಟಿಯಲ್ಲೇ, "ಕಪ್ಪು ದಾರ ಏನಮ್ಮಾ ಇದು?" ಅಂದರು.

"ರೇಷ್ಮೆ ಮಾವ."

ಅವರಿಗೆ ನಂಬಿಕೆ ಬರಲಿಲ್ಲ. ಉಳಿದ ದಾರದ ತುಂಡು ತೋರಿಸಿದೆ. ಬೆರಳಲ್ಲಿ ಹೊಸೆದು, ಬೆಳಕಿಗೆ ಹಿಡಿದು, "ಅಂಟು ತೆಗೆದಿದ್ದಾರೆ" ಅಂದರು. ಸರಿಯಾಗೇ ಹೇಳಿದ್ದರು. ಗೂಡಿನಿಂದ ಬಿಚ್ಚಿದ ಕಚ್ಚಾ ರೇಷ್ಮೆಯ ತೂಕದಲ್ಲಿ ಸುಮಾರು ಕಾಲು ಭಾಗ ಅಂಟೇ ಇರುತ್ತದೆ. ಆ ಅಂಟು ಮೈಗೆ ಒಗ್ಗುವುದಿಲ್ಲ. ಹೊಲಿಗೆಯ ದಾರಕ್ಕೆ ಅದನ್ನು ತೆಗೆದು, ಎಳೆಗಳನ್ನು ಹೆಣೆದು, ಮೇಲೆ ಮೇಣ ಅಥವಾ ಸಿಲಿಕೋನ್ ಲೇಪ ಕೊಡುತ್ತಾರೆ. ಬಾಯೊಳಗಿನ ಕೆಂಪಿನಲ್ಲಿ ಎದ್ದು ಕಾಣಲಿ ಅಂತ ಕಪ್ಪು ಬಣ್ಣ. ನಾನು ಹಾಕಿದ್ದು 3-0 ಅಳತೆಯದು, ಅಂದರೆ ಮೂರು ಸೊನ್ನೆಯದು. ಸೊನ್ನೆ ಜಾಸ್ತಿಯಾದಷ್ಟೂ ದಾರ ತೆಳು. 4-0 ಇದಕ್ಕಿಂತ ಸಣ್ಣದು.

ರೇಷ್ಮೆಯ ಗುಣ ಏನೆಂದರೆ ಗಂಟು ಜಾರುವುದಿಲ್ಲ, ಕತ್ತರಿಸಿದ ತುದಿ ಮೆತ್ತಗಿರುತ್ತದೆ, ನಾಲಿಗೆಗೆ ಚುಚ್ಚುವುದಿಲ್ಲ. ನೈಲಾನ್ ಒಂಟಿ ಎಳೆಯದು, ಕೊಳೆ ಹಿಡಿಯುವುದು ಕಡಿಮೆ, ಆದರೆ ತುದಿ ಮುಳ್ಳಿನ ಹಾಗೆ ಚುಚ್ಚುತ್ತದೆ. ರೇಷ್ಮೆಗೆ ಒಂದು ದೋಷವೂ ಇದೆ. ಹೆಣೆದ ದಾರವಾದ್ದರಿಂದ ಎಂಜಲನ್ನೂ ಅದರ ಜೊತೆ ಕ್ರಿಮಿಗಳನ್ನೂ ಒಳಕ್ಕೆ ಹೀರಿಕೊಳ್ಳುತ್ತದೆ. ಅದು ತಾನಾಗಿ ಕರಗುವುದೂ ಇಲ್ಲ. ಅದಕ್ಕೇ ಸಾಮಾನ್ಯವಾಗಿ 7ನೇ ದಿನದ ಸುಮಾರಿಗೆ ತೆಗೆದುಬಿಡಬೇಕು. ತುಂಬ ಮೊದಲೇ ತೆಗೆದರೆ ಒಸಡು ಕೂಡಿರುವುದಿಲ್ಲ. ಹತ್ತು ದಿನ ದಾಟಿಸಿದರೆ ಕೂಡಿಸಬೇಕಾದ ದಾರವೇ ಒಸಡನ್ನು ಕೆಂಪಾಗಿಸುತ್ತದೆ.

"ಕರಗೋ ದಾರ ಬರುತ್ತಂತಲ್ಲ, ಅದು ಹಾಕಬಾರದಿತ್ತಾ?" ಅಂತ ಅತ್ತೆ ಕೇಳಿದರು. ಬರುತ್ತದೆ. ಪ್ರಾಣಿಗಳ ಕರುಳಿನಿಂದ ಮಾಡುವ ಕ್ಯಾಟ್‌ಗಟ್ ಇದೆ, ಬಾಯಲ್ಲಿ ಕೆಲವೇ ದಿನಗಳಲ್ಲಿ ಬಲ ಕಳೆದುಕೊಳ್ಳುತ್ತದೆ. ಕಾರ್ಖಾನೆಯಲ್ಲಿ ತಯಾರಾಗುವ ವಿಕ್ರಿಲ್ ಎರಡು ಮೂರು ವಾರ ಹಿಡಿದುಕೊಂಡು, ಆಮೇಲೆ ಸಡಿಲವಾಗಿ ಬಿದ್ದುಹೋಗುತ್ತದೆ. ದೂರದ ಹಳ್ಳಿಯವರಿಗೆ, ಮತ್ತೆ ಬರಲಾಗದವರಿಗೆ, ಚಿಕ್ಕ ಮಕ್ಕಳಿಗೆ ನಾನು ಅಂಥದ್ದನ್ನೇ ಹಾಕುತ್ತೇನೆ. ಮಾವನಿಗೆ ಸಕ್ಕರೆ ಕಾಯಿಲೆ ಇದೆ, ಬೀಡಿ ಅಭ್ಯಾಸವೂ ಇದೆ. ವಾರದ ಕೊನೆಗೆ ಅವರ ಗಾಯವನ್ನು ನನ್ನ ಕಣ್ಣಲ್ಲೇ ನೋಡಬೇಕಿತ್ತು. ರೇಷ್ಮೆ ಹಾಕಿದರೆ ತೆಗೆಸಿಕೊಳ್ಳೋಕಾದರೂ ಬರಲೇಬೇಕು.

ಮನೆಗೆ ಕಳಿಸುವಾಗ ಅತ್ತೆಗೆ ಹೇಳಿದೆ: ಮೊದಲ ದಿನ ಬಾಯಿ ಮುಕ್ಕಳಿಸುವುದು ಬೇಡ, ಉಗುಳುವುದು ಬೇಡ, ಸ್ಟ್ರಾ ಹಾಕಿ ಎಳನೀರು ಕುಡಿಯುವುದು ಬೇಡ. ಮರುದಿನದಿಂದ ಊಟವಾದ ಮೇಲೆ ಬೆಚ್ಚಗಿನ ಉಪ್ಪುನೀರು. ಬೀಡಿ ಮುಟ್ಟಲೇಬಾರದು. ತಣ್ಣಗಾದ ಅಂಬಲಿ, ಮೊಸರನ್ನ, ಬೆಂದ ಮೊಟ್ಟೆ ಕೊಡಬಹುದು. ಅತ್ತೆ, "ಮೊಟ್ಟೆ ನಂಜಲ್ವಾ?" ಅಂದರು. ನಮ್ಮ ಕಡೆ ಗಾಯ ಅಂದರೆ ಮೊಟ್ಟೆ, ಬೇಳೆ ಎಲ್ಲ ಬಿಡಿಸಿ ಬರೀ ಗಂಜಿ ಕುಡಿಸುತ್ತಾರೆ. ನನಗೆ ಇದು ನಿಜಕ್ಕೂ ಬೇಸರದ ವಿಷಯ. ಒಸಡು ಕೂಡೋಕೆ ಬೇಕಾಗಿರೋದೇ ಆ ಸತ್ವ, ಅದರಲ್ಲೂ ಸಕ್ಕರೆ ಇರುವವರಿಗೆ.

ಎರಡನೇ ದಿನ ಫೋನ್ ಮಾಡಿದಾಗ ಕೆನ್ನೆ ಊದಿದೆ ಅಂದರು. ಅದು ಇರಬೇಕಾದ್ದೇ. ಊತ ಎರಡು ಮೂರನೇ ದಿನ ತುದಿ ಮುಟ್ಟಿ, ಆಮೇಲೆ ಇಳಿಯುತ್ತದೆ. ಗಾಯದ ಮೇಲೆ ಬೆಳ್ಳಗೆ ಪೊರೆ ಕಾಣುತ್ತಿದೆ, ಕೀವಿರಬಹುದು ಅಂತ ಅತ್ತೆ ಹೆದರಿದ್ದರು. ಬಾಯೊಳಗಿನ ಗಾಯಕ್ಕೆ ಒಣಗಿದ ಹಕ್ಕಳೆ ಕಟ್ಟುವುದಿಲ್ಲ, ಅದರ ಬದಲು ಈ ಪೊರೆ ಬರುತ್ತದೆ. ನೋವು ಕಡಿಮೆಯಾಗುತ್ತಾ, ಪೊರೆ ಅಂಟಿಕೊಂಡೇ ಇದ್ದರೆ ಚಿಂತೆ ಇಲ್ಲ, ಅದನ್ನು ಕೆರೆಯಲೂಬಾರದು. ಒತ್ತಿದಾಗ ದ್ರವ ಜಿನುಗಿದರೆ, ಬಾಯಿ ರುಚಿ ಕೆಟ್ಟರೆ ಅದು ಕೀವು.

ನಾಲ್ಕನೇ ದಿನ ಬೆಳಿಗ್ಗೆ ಕ್ಲಿನಿಕ್ ಬಾಗಿಲು ತೆಗೆಯುವಷ್ಟರಲ್ಲಿ ಇಬ್ಬರೂ ಬಂದು ಕೂತಿದ್ದರು. ಮಾವ ರಾತ್ರಿಯೆಲ್ಲ ಮಲಗಿರಲಿಲ್ಲ. ಮೂರನೇ ದಿನದ ಮಧ್ಯಾಹ್ನದವರೆಗೂ ನೋವು ಇಳಿಯುತ್ತಾ ಬಂದಿದ್ದು, ಆಮೇಲೆ ಏರತೊಡಗಿತ್ತು. ಕಿವಿಗೂ ಕಪಾಲಕ್ಕೂ ಎಳೆಯುತ್ತಿತ್ತು. ನೋವಿನ ಮಾತ್ರೆ ಹಿಡಿಯುತ್ತಿರಲಿಲ್ಲ. ಅತ್ತೆ ಟಾರ್ಚ್ ಹಾಕಿ ನೋಡಿದ್ದರು. "ಹೊಲಿಗೆ ಎರಡೂ ಹಾಗೇ ಇದೆ ಕಣಮ್ಮ. ಬಿಟ್ಟಿಲ್ಲ. ಮತ್ಯಾಕೆ ನೋವು?"

ಇದನ್ನು ಅನೇಕರು ಕೇಳುತ್ತಾರೆ. ಹೊಲಿಗೆ ಹಿಡಿದುಕೊಂಡಿರುವುದು ಮೇಲಿನ ಒಸಡನ್ನು ಮಾತ್ರ. ಒಳಗೆ ಗುಳಿ ವಾಸಿಯಾಗಬೇಕಾದರೆ ಅಲ್ಲಿ ರಕ್ತ ಹೆಪ್ಪುಗಟ್ಟಿ ನಿಲ್ಲಬೇಕು. ಆ ಹೆಪ್ಪಿನ ಮೇಲೇ ಹೊಸ ಮಾಂಸ ಬೆಳೆಯುವುದು. ಹೆಪ್ಪು ಕರಗಿಹೋದರೆ ಅಥವಾ ಕಿತ್ತುಹೋದರೆ ಮೂಳೆ ಬೆತ್ತಲಾಗಿ ಎಂಜಲಿಗೆ ತಾಗುತ್ತದೆ. ಇದಕ್ಕೆ ಡ್ರೈ ಸಾಕೆಟ್ ಅನ್ನುತ್ತೇವೆ. ಕೆಳದವಡೆಯ ಬುದ್ಧಿ ಹಲ್ಲು ಕುಯ್ದು ತೆಗೆದಾಗ ಇದು ಜಾಸ್ತಿ. ಬೀಡಿ, ಸಿಗರೇಟು ಸೇದುವವರಲ್ಲಿ ಇನ್ನೂ ಜಾಸ್ತಿ. ಮಾವ ಕೇಳುವ ಮೊದಲೇ, "ಎರಡನೇ ದಿನ ಸಂಜೆ ಒಂದೇ ಒಂದು" ಅಂತ ನೆಲ ನೋಡಿದರು. ಬೈಯಲಿಲ್ಲ. ಬೀಡಿ ಮುಟ್ಟದವರಿಗೂ ಇದು ಬರುತ್ತದೆ.

ಆದರೂ ಡ್ರೈ ಸಾಕೆಟ್ ಅಂತ ತೀರ್ಮಾನಿಸುವ ಮೊದಲು ನಂಜು ಏರಿಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕಿತ್ತು. ಎರಡರಲ್ಲೂ ನೋವಿದೆ, ವಾಸನೆ ಇದೆ, ದಾರಿ ಮಾತ್ರ ಬೇರೆ. ಜ್ವರ ನೋಡಿದೆ, ಇರಲಿಲ್ಲ. ಕೆನ್ನೆಯ ಊತ ಮೊನ್ನೆಗಿಂತ ಇಳಿದಿತ್ತು. ನಂಜಾಗಿದ್ದರೆ ಮೂರನೇ ದಿನದ ಮೇಲೆ ಊತ ಏರುತ್ತದೆ, ಗಟ್ಟಿಯಾಗಿ ಬಿಸಿಯಾಗಿರುತ್ತದೆ. ಬಾಯಿ ಎಷ್ಟು ತೆರೆಯುತ್ತದೆ ನೋಡಿದೆ. ಎರಡು ಬೆರಳು ಹೋಗುವಷ್ಟು ತೆರೆಯುತ್ತಿತ್ತು, ದಿನದಿಂದ ದಿನಕ್ಕೆ ಕಮ್ಮಿಯಾಗಿರಲಿಲ್ಲ. ನುಂಗಲು ತೊಂದರೆ ಇರಲಿಲ್ಲ. ದವಡೆಯ ಕೆಳಗೆ ಕತ್ತಿನ ಕಡೆ ಒತ್ತಿ ನೋಡಿದೆ, ಮೆತ್ತಗಿತ್ತು. ಕತ್ತಿಗೆ ಊತ ಇಳಿದಿದ್ದರೆ, ನಾಲಿಗೆ ಮೇಲಕ್ಕೆ ಎದ್ದಿದ್ದರೆ, ಎಂಜಲು ನುಂಗಲಾಗದೆ ಸುರಿಯುತ್ತಿದ್ದರೆ ನಾನು ಕುರ್ಚಿಯಲ್ಲೂ ಕೂರಿಸುತ್ತಿರಲಿಲ್ಲ. ನೇರ ದೊಡ್ಡ ಆಸ್ಪತ್ರೆಗೆ ಕಳಿಸುತ್ತಿದ್ದೆ, ಅದು ಉಸಿರು ಕಟ್ಟುವ ಸ್ಥಿತಿ. ರಕ್ತದಲ್ಲಿ ಸಕ್ಕರೆಯನ್ನೂ ಅಲ್ಲೇ ನೋಡಿದೆ, ಮಿತಿಯಲ್ಲಿತ್ತು.

ಗುಳಿಯ ಮೇಲಿನ ಹೊಲಿಗೆಯನ್ನು ಕತ್ತರಿಸಿದೆ. ಒಳಗೆ ತೊಳೆಯಬೇಕಾದರೆ ದಾರಿ ಬೇಕು. ಮುಂದಿನದನ್ನು ಬಿಟ್ಟೆ, ಅದು ಒಸಡನ್ನು ಪಕ್ಕದ ಹಲ್ಲಿಗೆ ಒತ್ತಿ ಹಿಡಿದಿತ್ತು. ಬೆಚ್ಚಗಿನ ಸಲೈನ್‌ನಲ್ಲಿ ಮೆಲ್ಲಗೆ ತೊಳೆದಾಗ ಅನ್ನದ ಅಗುಳು, ಬೂದು ಬಣ್ಣದ ಕೊಳೆ ಹೊರಬಂತು. ಕೆಳಗೆ ಮೂಳೆ ಬೋಳಾಗಿ ಕಂಡಿತು. ಹೆಪ್ಪಿನ ಗುರುತೇ ಇಲ್ಲ. ಕೆರೆದು ರಕ್ತ ತರಿಸಲು ಹೋಗಲಿಲ್ಲ, ಅದರಿಂದ ನೋವು ಹೆಚ್ಚುತ್ತದೆ. ಲವಂಗದ ಎಣ್ಣೆಯ ಸಾರವಾದ ಯೂಜಿನಾಲ್‌ನಲ್ಲಿ ಅದ್ದಿದ ಗಾಜ್ ಬಟ್ಟೆಯ ಪಟ್ಟಿಯನ್ನು ಗುಳಿಯಲ್ಲಿ ಸಡಿಲವಾಗಿ ಇಟ್ಟೆ. ಸ್ವಲ್ಪ ಹೊತ್ತಿಗೆ ಮಾವನ ಹಣೆಯ ಗಂಟು ಬಿಚ್ಚಿತು. ಅಲ್ಲೇ ಬೆಂಚಿನ ಮೇಲೆ ನಿದ್ದೆ ಹೋದರು.

ಅತ್ತೆ ಆಂಟಿಬಯಾಟಿಕ್ ಬರೆದುಕೊಡು ಅಂದರು. ಜ್ವರ ಇಲ್ಲ, ಕೀವಿಲ್ಲ, ಹರಡುವ ಊತ ಇಲ್ಲ. ಬೋಳು ಮೂಳೆಯ ನೋವಿಗೆ ಆ ಮಾತ್ರೆ ಏನೂ ಮಾಡುವುದಿಲ್ಲ. ಬರೆದುಕೊಡಲಿಲ್ಲ. ಅದರ ಬದಲು ಎರಡು ದಿನ ಬಿಟ್ಟು ಪಟ್ಟಿ ಬದಲಿಸೋಕೆ ಬರಲೇಬೇಕು ಅಂದೆ. ಆ ಗಾಜ್ ಕರಗುವುದಿಲ್ಲ. ಒಳಗೇ ಮರೆತರೆ ಅದೇ ಹೊಸ ತೊಂದರೆ.

7ನೇ ದಿನ ಉಳಿದ ಹೊಲಿಗೆ ತೆಗೆದೆ. ಇದಕ್ಕೆ ಹೆದರುವವರು ತುಂಬ, ಇಂಜೆಕ್ಷನ್ ಬೇಕಾ ಅಂತ ಕೇಳುತ್ತಾರೆ. ಬೇಡ. ಮೊದಲು ದಾರವನ್ನು ಕ್ರಿಮಿ ಕೊಲ್ಲುವ ಕ್ಲೋರ್‌ಹೆಕ್ಸಿಡಿನ್ ದ್ರವದಲ್ಲಿ ಒರೆಸಬೇಕು. ಚಿಮುಟದಲ್ಲಿ ಗಂಟನ್ನು ಸ್ವಲ್ಪ ಎತ್ತಿದರೆ ಒಸಡಿನೊಳಗೆ ಇದ್ದ ದಾರ ಕೂದಲಷ್ಟು ಹೊರಬರುತ್ತದೆ. ಅಲ್ಲೇ, ಒಸಡಿಗೆ ತಾಗಿದಂತೆ ಕತ್ತರಿಸಬೇಕು. ಆಗ ಏಳು ದಿನ ಎಂಜಲಲ್ಲಿ ನೆನೆದ ಭಾಗ ಒಳಗೆ ಹಾದುಹೋಗುವುದಿಲ್ಲ. ಎಳೆಯುವುದು ಗಾಯದ ಕಡೆಗೆ, ಆಚೆಗಲ್ಲ. ಆಚೆಗೆ ಎಳೆದರೆ ಕೂಡಿದ ಅಂಚು ಬಿಡಬಹುದು. ಮನೆಯಲ್ಲಿ ಉಗುರಿನಿಂದ ಕಿತ್ತರೆ ಈ ಎರಡೂ ಕೆಡುತ್ತದೆ. ದಾರ ತಾನಾಗಿ ಸಡಿಲವಾಗಿ ನೇತಾಡುತ್ತಿದ್ದರೂ ಎಳೆಯದೆ ಬಂದು ತೋರಿಸಿದರೆ ಸಾಕು. ರಕ್ತ ಬರುತ್ತಿದ್ದರೆ ಮಾತ್ರ ಶುದ್ಧವಾದ ಬಟ್ಟೆಯನ್ನು ಮಡಿಸಿ ಅರ್ಧ ಗಂಟೆ ಗಟ್ಟಿಯಾಗಿ ಕಚ್ಚಿಕೊಂಡು ಬರಬೇಕು.

ಮುಂದಿನ ವಾರ ಮೂಳೆಯ ಮೇಲೆ ಕೆಂಪಗೆ, ಕಾಳುಕಾಳಾಗಿ ಹೊಸ ಮಾಂಸ ಹತ್ತಿತ್ತು. ಪಟ್ಟಿ ನಿಲ್ಲಿಸಿದೆ. ಗುಳಿ ಮಾತ್ರ ಇನ್ನೂ ಕೆಲವು ವಾರ ಇರುತ್ತದೆ, ಒಳಗಿನ ಮೂಳೆ ತುಂಬೋಕೆ ತಿಂಗಳುಗಳೇ ಬೇಕು. ಅಲ್ಲಿಯವರೆಗೆ ಅದರಲ್ಲಿ ರಾಗಿ, ಅನ್ನ ಕೂರುತ್ತಲೇ ಇರುತ್ತದೆ. ತುದಿ ಬಾಗಿದ ಪ್ಲಾಸ್ಟಿಕ್ ಸಿರಿಂಜ್ ಒಂದನ್ನು ಕೊಟ್ಟು, ಊಟವಾದ ಮೇಲೆ ಬೆಚ್ಚಗಿನ ನೀರು ಬಿಟ್ಟು ತೊಳೆಯುವುದನ್ನು ಅತ್ತೆಗೆ ಕನ್ನಡಿ ಹಿಡಿದು ತೋರಿಸಿಕೊಟ್ಟೆ.